ಬ್ರಿಟನ್‌ನಲ್ಲಿ ಗರ್ಭಪಾತದ ನಂತರದ ರಜೆ: ಕಂಪನಿಯ ದಾಖಲೆಯಲ್ಲಿ ಏನೆಂದು ಬರೆಸಬೇಕು

ಗರ್ಭ ತಾನಾಗಿ ಹೋದರೆ ಅಥವಾ ವೈದ್ಯಕೀಯವಾಗಿ ತೆಗೆಸಿಕೊಂಡರೆ ಭಾರತದ ಕಾನೂನಿನಲ್ಲಿ ಅರ್ಹ ಉದ್ಯೋಗಿಗೆ 6 ವಾರ ಸಂಬಳಸಹಿತ ರಜೆ ಇದೆ. ಬ್ರಿಟನ್‌ನಲ್ಲೂ ಅಂಥದ್ದೊಂದು ಇರುತ್ತದೆ ಎಂದುಕೊಂಡು ಬಂದವರು ಹಲವರು. ಇಲ್ಲಿ ಇಲ್ಲ. 24 ವಾರ ತುಂಬುವ ಮೊದಲು ಗರ್ಭ ಹೋದರೆ ಹೆರಿಗೆ ರಜೆಯ ಹಕ್ಕು ಬರುವುದಿಲ್ಲ. 24 ವಾರ ತುಂಬಿದ ಮೇಲೆ ಮಗು ಸತ್ತು ಹುಟ್ಟಿದರೆ, ಅಥವಾ ಯಾವ ವಾರದಲ್ಲೇ ಆಗಲಿ ಜೀವಂತ ಹುಟ್ಟಿ ಆಮೇಲೆ ತೀರಿಕೊಂಡರೆ, 52 ವಾರಗಳ ಪೂರ್ತಿ ಹೆರಿಗೆ ರಜೆ ಸಿಗುತ್ತದೆ. 24 ವಾರದೊಳಗಿನ ನಷ್ಟಕ್ಕೆ ಕನಿಷ್ಠ 1 ವಾರದ ಶೋಕ ರಜೆಯನ್ನು 2025ರ ಉದ್ಯೋಗ ಹಕ್ಕುಗಳ ಕಾಯ್ದೆ ತಂದಿದೆ. ಆದರೆ ಅದಕ್ಕೆ ಸಂಬಳವಿಲ್ಲ, ಜಾರಿಗೆ ಬರಬೇಕಿರುವುದು 2027ರಲ್ಲಿ.

ಹಾಗಾಗಿ 24 ವಾರದೊಳಗೆ ಆಸರೆಯಾಗುವುದು ಅನಾರೋಗ್ಯ ರಜೆಯೇ. ಆದರೆ ಅದು ಜ್ವರಕ್ಕೆ ಹಾಕುವ ಸಿಕ್ ಲೀವ್‌ನಂತಲ್ಲ. ಗರ್ಭಕ್ಕೆ ಸಂಬಂಧಿಸಿದ ಅನಾರೋಗ್ಯವನ್ನು ಉದ್ಯೋಗದಾತರು ಬೇರೆಯಾಗಿಯೇ ದಾಖಲಿಸಬೇಕು. ಶಿಸ್ತು ಕ್ರಮ, ಬೋನಸ್, ಬಡ್ತಿ, ಕೆಲಸ ಕಡಿತ, ಯಾವುದರ ಲೆಕ್ಕಕ್ಕೂ ಅದನ್ನು ಸೇರಿಸುವಂತಿಲ್ಲ. ತಾನಾಗಿ ಆದ ಗರ್ಭಪಾತಕ್ಕೂ ಮಾಡಿಸಿಕೊಂಡ ಗರ್ಭಪಾತಕ್ಕೂ ಈ ರಕ್ಷಣೆ ಒಂದೇ. ಎರಡರಲ್ಲಿ ಯಾವುದು ಎಂದು ಮ್ಯಾನೇಜರ್‌ಗೆ ವಿವರಿಸಬೇಕಾಗಿಯೂ ಇಲ್ಲ. ‘ಪ್ರೆಗ್ನೆನ್ಸಿ ರಿಲೇಟೆಡ್ ಸಿಕ್ನೆಸ್’ ಎಂಬ ಮೂರು ಪದ ಸಾಕು.

ಆದರೆ ಆ ಮೂರು ಪದ ಬರಹದಲ್ಲಿ ಇರಲೇಬೇಕು. ಬಹಳಷ್ಟು ಮಂದಿಗೆ ನಷ್ಟವಾಗುವುದು ಇಲ್ಲೇ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬ ನಮ್ಮ ಮನೆಗಳ ರೂಢಿಯಿಂದ ಕಂಪನಿಗೆ ಗರ್ಭದ ವಿಷಯವೇ ಗೊತ್ತಿರುವುದಿಲ್ಲ. ‘ಹೊಟ್ಟೆನೋವು’ ಎಂದು ಮೆಸೇಜ್ ಹಾಕಿ ಮಲಗಿದರೆ, ಆಮೇಲೆ ಕಂಪನಿ ‘ನಮಗೆ ತಿಳಿದೇ ಇರಲಿಲ್ಲ’ ಎನ್ನುತ್ತದೆ, ಕಾನೂನೂ ಆ ಮಾತನ್ನು ಒಪ್ಪುತ್ತದೆ. ಮೊದಲೇ ಹಾಗೆ ಬರೆದಿದ್ದರೆ ಈಗಲಾದರೂ ಎಚ್‌ಆರ್‌ಗೆ ಇಮೇಲ್ ಕಳಿಸಿ ತಿದ್ದಿಸಿ. ಗುಟ್ಟಾಗಿಡಿ ಎಂದು ಅದರಲ್ಲೇ ಕೇಳಿ. ಆರೋಗ್ಯದ ಮಾಹಿತಿಗೆ ದತ್ತಾಂಶ ರಕ್ಷಣೆಯ ಕಾನೂನಿನಲ್ಲಿ ವಿಶೇಷ ಕಾವಲಿದೆ, ಅದು ತಂಡದಲ್ಲೆಲ್ಲ ಹರಡುವಂತಿಲ್ಲ.

ಒಂದು ಉದಾಹರಣೆ ನೋಡೋಣ. 9 ವಾರದ ಗರ್ಭ 2026ರ ಜೂನ್ 1, ಸೋಮವಾರ ಹೋಯಿತು ಎನ್ನಿ. ಜೂನ್ 7ರವರೆಗೆ, ಅಂದರೆ ಶನಿವಾರ ಭಾನುವಾರ ಸೇರಿ 7 ದಿನ, ಡಾಕ್ಟರ ಚೀಟಿ ಬೇಡ, ನೀವೇ ಬರೆದುಕೊಟ್ಟರೆ ಸಾಕು. 8ರಿಂದ ‘ಫಿಟ್ ನೋಟ್’ ಎಂಬ ಆ ಚೀಟಿ ಬೇಕು. ಅದನ್ನು ಜಿಪಿಯೂ ಆಸ್ಪತ್ರೆಯ ವೈದ್ಯರೂ ಕೊಡಬಹುದು. ಅದರಲ್ಲಿ ಬರೀ ‘ಸ್ಟ್ರೆಸ್’ ಅಥವಾ ‘ಲೋ ಮೂಡ್’ ಎಂದು ಬಂದರೆ ಗರ್ಭದ ನಂಟು ಕಡಿದುಹೋಗುತ್ತದೆ. ಗರ್ಭದ ಕಾರಣದಿಂದ ಎಂಬುದನ್ನು ಸೇರಿಸಲು ಕೇಳಿಕೊಳ್ಳಿ. ನೋಟ್ ಜೂನ್ 21ರವರೆಗೆ ಇದ್ದು 22ಕ್ಕೆ ಕೆಲಸಕ್ಕೆ ಮರಳಿದರೆ ತಪ್ಪಿದ್ದು 15 ಕೆಲಸದ ದಿನ.

ಹಲವು ಕಂಪನಿಗಳು ಗೈರುಹಾಜರಿಯನ್ನು ಬ್ರಾಡ್‌ಫರ್ಡ್ ಸೂತ್ರದಿಂದ ಅಳೆಯುತ್ತವೆ: ವರ್ಷದಲ್ಲಿ ಎಷ್ಟು ಸಲ ರಜೆ ಹಾಕಿದಿರೋ ಅದರ ವರ್ಗವನ್ನು ಒಟ್ಟು ದಿನಗಳಿಂದ ಗುಣಿಸುವುದು. ಅದೇ ವರ್ಷ ನೆಗಡಿಗೆಂದು ಎರಡು ಸಲ, ಒಟ್ಟು 3 ದಿನ ರಜೆ ಹಾಕಿದ್ದರೆ 2×2×3, ಅಂದರೆ 12. ಈ 15 ದಿನಗಳನ್ನು ತಪ್ಪಾಗಿ ಸೇರಿಸಿದರೆ 3×3×18, ಅಂದರೆ 162. ಕಂಪ್ಯೂಟರ್ ತಾನಾಗಿಯೇ ಎಚ್ಚರಿಕೆ ಪತ್ರ ಹೊರಡಿಸಲು ಇಂಥ ಅಂಕಿಯೇ ಸಾಕು. ಆದ್ದರಿಂದ ಮರಳಿದ ದಿನವೇ ನಿಮ್ಮ ಗೈರುಹಾಜರಿ ದಾಖಲೆಯ ಪ್ರತಿ ಕೇಳಿ ನೋಡಿ.

ದಿನಾಂಕದ್ದೇ ಇನ್ನೊಂದು ತೊಡಕಿದೆ. 2010ರ ಸಮಾನತಾ ಕಾಯ್ದೆಯ 18ನೇ ಸೆಕ್ಷನ್ ಕೊಡುವ ಗಟ್ಟಿ ರಕ್ಷಣೆ, ಹೆರಿಗೆ ರಜೆಯ ಹಕ್ಕಿಲ್ಲದವರಿಗೆ ಗರ್ಭ ಮುಗಿದ 2 ವಾರಕ್ಕೆ, ಇಲ್ಲಿ ಜೂನ್ 14ಕ್ಕೆ, ನಿಲ್ಲುತ್ತದೆ. ಆಮೇಲಿನ ದಿನಗಳನ್ನು ಹಿಡಿದು ತೊಂದರೆ ಕೊಟ್ಟರೆ ಲಿಂಗ ತಾರತಮ್ಯದ ದಾರಿ ಇದೆ, ಆದರೆ ಸಾಬೀತು ಕಷ್ಟ. ಗರ್ಭದ ಕಾರಣಕ್ಕೇ ಕೆಲಸದಿಂದ ತೆಗೆದರಂತೂ ಅದು ತನ್ನಷ್ಟಕ್ಕೇ ಅನ್ಯಾಯದ ವಜಾ. ಕೆಲಸಕ್ಕೆ ಸೇರಿ ಎಷ್ಟು ದಿನವಾಯಿತು ಎಂಬ ಪ್ರಶ್ನೆ ಅಲ್ಲಿಲ್ಲ. ಎರಡಕ್ಕೂ ಆಧಾರ ಅದೇ ಫಿಟ್ ನೋಟ್. ಇದು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗೆ ಅನ್ವಯ. ಉತ್ತರ ಐರ್ಲೆಂಡಿನ ಕಾನೂನು ಬೇರೆ.

ಹಣದ ವಿಚಾರಕ್ಕೆ ಮೊದಲು ನಿಮ್ಮ ಕಾಂಟ್ರಾಕ್ಟ್ ತೆಗೆದು ನೋಡಿ. ಕಂಪನಿಯದೇ ಸಿಕ್ ಪೇ ಇದ್ದರೆ ಅದು ಇದಕ್ಕೂ ಸಲ್ಲುತ್ತದೆ. ಇಲ್ಲದಿದ್ದರೆ ಶಾಸನಬದ್ಧ ಸಿಕ್ ಪೇ, ಅಲ್ಪ ಮೊತ್ತ. 2026ರ ಏಪ್ರಿಲ್ 6ರಿಂದ ಅದು ಮೊದಲ ದಿನದಿಂದಲೇ ಸಿಗುತ್ತದೆ. ಮೊದಲಿನಂತೆ 3 ದಿನ ಕಾಯಬೇಕಿಲ್ಲ.

ಸ್ಕಿಲ್ಡ್ ವರ್ಕರ್ ವೀಸಾದವರು ಇನ್ನೂ ಒಂದು ವಿಷಯ ಗಮನಿಸಬೇಕು. ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 4 ವಾರಕ್ಕಿಂತ ಹೆಚ್ಚು ಸಂಬಳವಿಲ್ಲದ ರಜೆ ಹಾಕಿದರೆ ಪ್ರಾಯೋಜಕತ್ವಕ್ಕೇ ಕುತ್ತು. ಅನಾರೋಗ್ಯ ರಜೆಗೆ ಇದರಿಂದ ವಿನಾಯಿತಿ ಇದೆ. ‘ಸಂಬಳವಿಲ್ಲದ ರಜೆ ಹಾಕಿಕೊಳ್ಳಿ, ಸುಲಭ’ ಎಂದು ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದರೂ ಒಪ್ಪಬೇಡಿ. ದಾಖಲೆ ತಿದ್ದಲು ಕಂಪನಿ ಹಿಂಜರಿದರೆ ಲಿಖಿತ ದೂರು ಕೊಡಿ, ಅದರ ಉತ್ತರಕ್ಕಾಗಿ ಕಾಯುತ್ತ ಕೂರದೆ ಉದ್ಯೋಗದ ತಕರಾರುಗಳಿಗೆ ಸಲಹೆ ಕೊಡುವ ಏಕಾಸ್ ಸಂಸ್ಥೆಯ ಸಹಾಯವಾಣಿಗೆ ಕರೆ ಮಾಡಿ. ಉದ್ಯೋಗ ಟ್ರಿಬ್ಯೂನಲ್‌ಗೆ ದೂರು ಒಯ್ಯುವ ಗಡುವು ಕಂಪನಿಯ ಒಳಗಿನ ವಿಚಾರಣೆಗಾಗಿ ನಿಲ್ಲುವುದಿಲ್ಲ.