ಪಾಲುದಾರ ಅರ್ಧಕ್ಕೇ ಬಿಟ್ಟು ಹೋದರೆ ಶೇರು ಯಾರಿಗೆ?

ಸೋಮವಾರಪೇಟೆ ಕಡೆ ತೋಟ ಇರುವ ಒಬ್ಬರು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಅವರ ಗೆಳೆಯ. ಇಬ್ಬರೂ ಸೇರಿ ಕಾಫಿ ಹುರಿದು ಆನ್‌ಲೈನ್‌ನಲ್ಲಿ ಮಾರಲು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದರು ಅಂದುಕೊಳ್ಳಿ. 10 ರೂಪಾಯಿ ಮುಖಬೆಲೆಯ 10,000 ಶೇರು, ತಲಾ 5,000. ಒಂದೂವರೆ ವರ್ಷಕ್ಕೆ ಗೆಳೆಯ ಮತ್ತೆ ಬೆಂಗಳೂರಿನ ಬಸ್ ಹತ್ತಿದ. ಅರ್ಧ ಕಂಪನಿ ಮಾತ್ರ ಅವನ ಹೆಸರಲ್ಲೇ ಇದೆ. ಸಾಮಾನ್ಯ ನಿರ್ಣಯ ಪಾಸಾಗಲೂ ಅರ್ಧಕ್ಕಿಂತ ಜಾಸ್ತಿ ಮತ ಬೇಕು. ಅಂದರೆ ಅವನು ಬೇಡ ಅಂದರೆ ಏನೂ ನಡೆಯದು.

ಇದನ್ನು ತಪ್ಪಿಸಲು, ಮೊದಲು ತೋಟದ ಲೆಕ್ಕವನ್ನೂ ಶೇರಿನ ಲೆಕ್ಕವನ್ನೂ ಬೇರೆ ಮಾಡಿ. 'ಕಾಫಿ ನಮ್ಮನೆಯದು, ನನಗೆ ಜಾಸ್ತಿ ಪಾಲು' ಅನ್ನುವ ಮಾತು ಒಂದು ದಿನ ಬಂದೇ ಬರುತ್ತದೆ. ತೋಟದವರು ಕಾಫಿಗೆ ಅವತ್ತಿನ ಮಾರುಕಟ್ಟೆ ದರದಲ್ಲಿ ಬಿಲ್ ಮಾಡಲಿ. ಕೈಯಿಂದ 6 ಲಕ್ಷ ಹಾಕಿದ್ದರೆ ಅದು ಡೈರೆಕ್ಟರ್ ಕೊಟ್ಟ ಸಾಲ ಎಂದು ಬರೆದಿಡಿ. ಆ ದುಡ್ಡು ಬೇರೆಯವರಿಂದ ಸಾಲ ತಂದಿದ್ದಲ್ಲ ಎಂಬ ಲಿಖಿತ ಹೇಳಿಕೆಯೂ ಬೇಕು. ಆಮೇಲೆ ಶೇರು ಉಳಿಯುವುದು ಮುಂದೆ ದುಡಿಯುವ ಕೆಲಸಕ್ಕೆ ಮಾತ್ರ.

ಇನ್ನು ವೆಸ್ಟಿಂಗ್. ಶೇರು ಇವತ್ತೇ ಹೆಸರಿಗೆ ಬಂದರೂ ಪೂರ್ತಿ ತನ್ನದಾಗಲು ನಾಲ್ಕು ವರ್ಷ ಇರಬೇಕು ಎಂಬ ಷರತ್ತು ಇದು. ಮೊದಲ ವರ್ಷ ಮುಗಿಯುವ ಮುಂಚೆ ಹೋದರೆ ಏನೂ ಇಲ್ಲ. ಇದಕ್ಕೆ ಕ್ಲಿಫ್ ಅನ್ನುತ್ತಾರೆ. ಆಮೇಲೆ ತಿಂಗಳ ಲೆಕ್ಕ. ಹೊಸ ಕಾಫಿ ಗಿಡವೂ ಸರಿಯಾಗಿ ಫಸಲು ಕೊಡಲು ಮೂರು-ನಾಲ್ಕು ವರ್ಷ ತಗೊಳ್ಳುತ್ತದೆ, ಅಲ್ವಾ? 18 ತಿಂಗಳಿಗೆ ಹೋದ ಗೆಳೆಯನದಾಗುವುದು 5,000ದಲ್ಲಿ 48ಕ್ಕೆ 18 ಭಾಗ, ಅಂದರೆ 1,875 ಶೇರು. ಉಳಿದ 3,125 ಶೇರನ್ನು ಮುಖಬೆಲೆಗೇ, 31,250 ರೂಪಾಯಿಗೆ, ತೋಟದವರು ಕೊಳ್ಳಬಹುದು. ಆಗ ಅವರ ಪಾಲು 81.25%. ಒಂದು ಎಚ್ಚರಿಕೆ: ಅಷ್ಟರಲ್ಲಿ ಶೇರಿನ ನಿಜ ಬೆಲೆ ಏರಿದ್ದರೆ ಕೊಂಡವರಿಗೆ ಆ ವ್ಯತ್ಯಾಸದ ಮೇಲೆ ತೆರಿಗೆ ಬೀಳಬಹುದು. ಹಣ ಕೊಡುವ ಮೊದಲು ಸಿಎ ಹತ್ತಿರ ಕೇಳಿ.

ಕೆಲಸ ಹಂಚುವಾಗ ಬರೀ ಹುದ್ದೆಯ ಹೆಸರು ಬರೆದರೆ ಸಾಲದು. ಯಾವ ವಿಷಯದಲ್ಲಿ ಯಾರ ಮಾತು ಕೊನೆ ಎಂದು ಬರೆಯಿರಿ. ಹುರಿಯುವುದು, ಗುಣಮಟ್ಟ ತೋಟದವರದಾಗಲಿ. ಆದರೆ ಕಾಫಿ ಕೊಳ್ಳುವ ದರ ಮಾತ್ರ ಗೆಳೆಯನ ಕೈಯಲ್ಲಿರಲಿ. ಮಾರುವವರೇ ಕೊಳ್ಳುವ ಬೆಲೆ ಹೇಳಿದರೆ ಜಗಳ ಅಲ್ಲಿಂದಲೇ ಶುರು.

ಇದೆಲ್ಲ ಶೇರುದಾರರ ಒಪ್ಪಂದದಲ್ಲಿ ಇದ್ದರೆ ಸಾಕು ಎಂದು ಸುಮ್ನೆ ಕೂರಬೇಡಿ. ಕಂಪನಿ ನಡೆಸುವ ನಿಯಮಗಳ ದಾಖಲೆಯಾದ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್‌ನಲ್ಲೂ ಸೇರಿಸಿ. ನೋಂದಣಿ ದಿನವೇ ಸೇರಿಸಿದರೆ ಸುಲಭ. ಆಮೇಲೆ ತಿದ್ದಲು ವಿಶೇಷ ನಿರ್ಣಯ ಬೇಕು, ಅದಕ್ಕೆ ನಾಲ್ಕರಲ್ಲಿ ಮೂರು ಭಾಗ ಮತ. ಅರ್ಧ ಪಾಲು ಹಿಡಿದು ಹೊರಟು ನಿಂತವನೇ ಆಗ ಕೈ ಎತ್ತಬೇಕಾಗುತ್ತದೆ.