ಎಸಿಗೆ ಎಎಂಸಿ ಬೇಕಾ? ಮೂರು ವರ್ಷದ ಬಿಲ್ ಎತ್ತಿಟ್ಟು ನೋಡಿದೆ

ನಮ್ಮ ಮನೆ ಸುರತ್ಕಲ್‌ನಲ್ಲಿ. ಸಮುದ್ರ ಹತ್ತಿರ, ರಾತ್ರಿ ಅಲೆಯ ಸದ್ದು ಕೇಳುತ್ತದೆ. 2021ರ ಜನವರಿಯಲ್ಲಿ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ ಹಾಕಿಸಿದೆವು. ಒಂದು ವರ್ಷದ ವಾರಂಟಿ ಮುಗಿಯುವ ಹೊತ್ತಿಗೆ ಸರಿಯಾಗಿ ಫೋನ್ ಬಂತು: "ಸರ್, ಎಎಂಸಿ ಮಾಡಿಸಿಬಿಡಿ, ಆಮೇಲೆ ಟೆನ್ಶನ್ ಇಲ್ಲ." ಎಎಂಸಿ ಅಂದರೆ ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಿಸಿಕೊಂಡು ಎಸಿ ನೋಡಿಕೊಳ್ಳುವ ಒಪ್ಪಂದ. ಲೆಕ್ಕ ಗಿಕ್ಕ ಏನೂ ಹಾಕದೆ ಸುಮ್ನೆ ದುಡ್ಡು ಕಟ್ಟಿದೆ.

ಟೆನ್ಶನ್ ಇರಲಿಲ್ಲ ಅಂತೇನಿಲ್ಲ. ಏಪ್ರಿಲ್‌ನಲ್ಲಿ ಇನ್‌ಡೋರ್ ಯೂನಿಟ್‌ನಿಂದ ಹಾಸಿಗೆ ಮೇಲೆ ನೀರು ತೊಟ್ಟಿಕ್ಕಲು ಶುರುವಾಯಿತು. ಕಂಪ್ಲೇಂಟ್ ಕೊಟ್ಟ ಆರನೇ ದಿನ ಹುಡುಗ ಬಂದ, ಡ್ರೈನ್ ಪೈಪ್ ಊದಿ ಲೋಳೆ ತೆಗೆದ, ಫಿಲ್ಟರ್ ಝಾಡಿಸಿದ, ಒಂದು ಸಹಿ ಹಾಕಿಸಿಕೊಂಡು ಹೋದ. ಆ ಸಹಿ ಯಾವುದಕ್ಕೆ ಅಂತ ನಂತರ ಗೊತ್ತಾಯಿತು. ಮೂರು ಸರ್ವಿಸ್‌ನಲ್ಲಿ ಒಂದು ಮುಗಿಯಿತು ಅಂತ ಬರೆದುಕೊಂಡಿದ್ದರು. ಇನ್ನೊಂದು ಸರ್ವಿಸ್‌ಗೆ ಅವರಾಗಿಯೇ ಬಂದರು, ಜುಲೈಯಲ್ಲಿ. ಜಡಿಮಳೆ, ಎಸಿ ಆನ್ ಮಾಡದೆ ತಿಂಗಳಾಗಿತ್ತು. ನಮ್ಮ ಕಡೆ ಎಸಿಯನ್ನು ಸರ್ವಿಸ್ ಮಾಡಿಸಬೇಕಾದ್ದು ಫೆಬ್ರವರಿಯಲ್ಲಿ, ಸೆಕೆ ಶುರುವಾಗುವ ಮೊದಲು, ಮತ್ತೆ ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ.

ವರ್ಷದ ಕೊನೆಗೆ ರಿನ್ಯೂವಲ್ ಪತ್ರ ಬಂದಾಗ ಈ ಸಲ ಕೂತು ಓದಿದೆ. ಎರಡು ಥರ ಇತ್ತು. ಬಿಡಿಭಾಗ, ಗ್ಯಾಸ್ ಎಲ್ಲ ಸೇರಿದ ಕಾಂಪ್ರಹೆನ್ಸಿವ್‌ಗೆ 5,200, ಶೇಕಡಾ 18 ಜಿಎಸ್‌ಟಿ ಸೇರಿ 6,136 ರೂಪಾಯಿ. ಬರೀ ಕೆಲಸ ಮಾತ್ರ, ಪಾರ್ಟ್‌ಗೆ ಬೇರೆ ದುಡ್ಡು ಅನ್ನುವುದಕ್ಕೆ ಜಿಎಸ್‌ಟಿ ಸೇರಿ 2,360.

ಇಲ್ಲಿ ನಾನು ಮಾಡಿದ ಲೆಕ್ಕ ಸರಳ. ಎಎಂಸಿ ಅಂದರೆ ಎರಡು ಸಾಮಾನನ್ನು ಒಂದೇ ಚೀಲದಲ್ಲಿ ಹಾಕಿ ಮಾರುವುದು. ಒಂದು ಸರ್ವಿಸ್, ಇನ್ನೊಂದು ಇನ್ಶೂರೆನ್ಸ್. ಸರ್ವಿಸ್ ಎಎಂಸಿ ಇದ್ದರೂ ಇಲ್ಲದಿದ್ದರೂ ಮಾಡಿಸಲೇಬೇಕು. ನಮ್ಮೂರಿನ ಮೆಕ್ಯಾನಿಕ್ ಪಂಪ್ ಹಾಕಿ ನೀರಿನಲ್ಲಿ ತೊಳೆಯುವ ವೆಟ್ ಸರ್ವಿಸ್‌ಗೆ 700 ತೆಗೆದುಕೊಳ್ಳುತ್ತಾರೆ, ವರ್ಷಕ್ಕೆ ಎರಡು ಸಲ ಅಂದರೆ 1,400. ಕಂಪನಿಯವರು ಕೊಡುವುದು ಒಂದು ವೆಟ್, ಎರಡು ಡ್ರೈ. ಡ್ರೈ ಅಂದರೆ ಫಿಲ್ಟರ್ ತೊಳೆದು ಬ್ಲೋವರ್ ಹಿಡಿಯುವುದು, ಫಿಲ್ಟರನ್ನು ನಾನೇ ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ಹಿಡಿಯುತ್ತೇನೆ. ಇರಲಿ, ಅದಕ್ಕೂ 1,400 ಅಂತಲೇ ಬೆಲೆ ಕಟ್ಟೋಣ. 6,136ರಲ್ಲಿ 1,400 ಕಳೆದರೆ 4,736. ಇದೇ ವರ್ಷಕ್ಕೆ ನಾನು ಕಟ್ಟುವ ನಿಜವಾದ ಪ್ರೀಮಿಯಂ.

ಅಗ್ಗದ್ದರಲ್ಲಿ ಇದೇ ಕಳೆದರೆ 960 ಉಳಿಯಿತು. ಅದರಿಂದ ಸಿಗುವುದು ಏನು? ಕೆಟ್ಟಾಗ ಬಂದು ನೋಡುವುದಕ್ಕೆ 450 ವಿಸಿಟ್ ಚಾರ್ಜ್ ಇಲ್ಲ, ಅಷ್ಟೇ. ವರ್ಷಕ್ಕೆ ಮೂರು ಸಲ ಎಸಿ ಕೆಟ್ಟರೆ ಮಾತ್ರ ಲಾಭ. ಮೂರು ಸಲ ಕೆಡುವ ಎಸಿಗೆ ಎಎಂಸಿ ಯಾಕೆ, ಗುಜರಿಗೆ ಹಾಕಬೇಕು ಮಾರಾಯ್ರೆ.

ಈಗ 4,736ಕ್ಕೆ ಏನು ಸಿಗುತ್ತದೆ ನೋಡೋಣ ಅಂತ ಹಿಂದಿನ ಪುಟದ ಸಣ್ಣ ಅಕ್ಷರಕ್ಕೆ ಬಂದೆ. ಪೆನ್ಸಿಲ್ ಹಿಡಿದು ಗೀಟು ಹಾಕುತ್ತಾ ಹೋದೆ. ಕಂಪ್ರೆಸರ್‌ಗೆ ಹೇಗೂ ಹತ್ತು ವರ್ಷದ ವಾರಂಟಿ ಇದೆ, ಅದನ್ನು ಎರಡನೇ ಸಲ ಕೊಳ್ಳುವುದು ಬೇಡ. (ಆ ವಾರಂಟಿಯಲ್ಲಿ ಬರುವುದು ಕಂಪ್ರೆಸರ್ ಮಾತ್ರ, ಬದಲಾಯಿಸುವ ಕೂಲಿ, ಗ್ಯಾಸ್ ನಮ್ಮದೇ ಖರ್ಚು.) ಪ್ಲಾಸ್ಟಿಕ್ ಭಾಗ ಇಲ್ಲ. ರಿಮೋಟ್ ಇಲ್ಲ. ಗೋಡೆ ಮೇಲಿನ ತಾಮ್ರದ ಪೈಪ್ ಇಲ್ಲ. ಸಿಡಿಲು, ವೋಲ್ಟೇಜ್ ಏರುಪೇರು ಇಲ್ಲ. ಇಲಿ, ಕೀಟದಿಂದ ಆದ ಹಾನಿ ಇಲ್ಲ. ಕೊನೆಗೆ ಒಂದು ಸಾಲು: ತುಕ್ಕು ಹಿಡಿದು ಕಾಯಿಲ್ ಹಾಳಾದರೆ ಇಲ್ಲ.

ಅಲ್ಲಿಗೆ ಪತ್ರ ಮಡಚಿಟ್ಟೆ. ಸಮುದ್ರದ ಉಪ್ಪುಗಾಳಿಗೆ ಔಟ್‌ಡೋರ್ ಯೂನಿಟ್‌ನ ಕಾಯಿಲ್ ಮೊದಲು ಹೋಗುತ್ತದೆ, ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನನಗೆ ಇರುವ ದೊಡ್ಡ ಭಯ ಯಾವುದೋ ಅದೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಇನ್ಶೂರೆನ್ಸ್! ಬಾಗಲಕೋಟೆಯಲ್ಲೋ ದಾವಣಗೆರೆಯಲ್ಲೋ ಇದ್ದಿದ್ದರೆ ಈ ಸಾಲನ್ನು ನಾನು ಗಮನಿಸುತ್ತಲೂ ಇರಲಿಲ್ಲವೇನೋ.

ಹಾಗಾಗಿ 2023ರಿಂದ ಕೆಟ್ಟಾಗ ದುಡ್ಡು ಕೊಡುವ ದಾರಿ ಹಿಡಿದೆ, ಬಿಲ್ ಎಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟೆ. ಮೊದಲ ವರ್ಷ ಮತ್ತೆ ಡ್ರೈನ್ ಕಟ್ಟಿತು, 450.

ಎರಡನೇ ವರ್ಷ ಪೆಟ್ಟು ತಿಂದೆ. ರೂಮ್ ತಣ್ಣಗಾಗುತ್ತಿರಲಿಲ್ಲ. ಔಟ್‌ಡೋರ್ ಹತ್ತಿರ ಹೋಗಿ ನೋಡಿದರೆ ಸಪೂರ ಪೈಪ್ ಮೇಲೆ ಬಿಳಿ ಮಂಜು ಕಟ್ಟಿದೆ, ಬೆವರಬೇಕಾದ ದಪ್ಪ ಪೈಪ್ ಒಣಗಿಕೊಂಡಿದೆ. ಗ್ಯಾಸ್ ಕಮ್ಮಿಯಾದರೆ ಹೀಗೇ. ಪರಿಚಯದ ಮೆಕ್ಯಾನಿಕ್ ಊರಲ್ಲಿರಲಿಲ್ಲ, ಬೇರೆ ಯಾರೋ ಬಂದು "ಗ್ಯಾಸ್ ಖಾಲಿ ಸರ್" ಅಂತ ತುಂಬಿಸಿ 2,600 ತೆಗೆದುಕೊಂಡು ಹೋದರು. ಐದು ವಾರಕ್ಕೆ ಮತ್ತೆ ಅದೇ ಕಥೆ. ಎಸಿಯ ಗ್ಯಾಸ್ ಸ್ಕೂಟರ್‌ನ ಪೆಟ್ರೋಲ್ ಅಲ್ಲ, ಓಡಿಸಿದಷ್ಟೂ ಖರ್ಚಾಗುವುದಕ್ಕೆ. ಕಮ್ಮಿಯಾಯಿತು ಅಂದರೆ ಎಲ್ಲೋ ತೂತಿದೆ. ನಮ್ಮ ಮೆಕ್ಯಾನಿಕ್ ಬಂದವರು ಪೈಪ್ ಸೇರುವ ಫ್ಲೇರ್ ನಟ್ ಹತ್ತಿರ ಎಣ್ಣೆ ಕಲೆ ತೋರಿಸಿದರು, ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಬಂತು. "ಎಂತ ಸರ್, ಇದನ್ನು ನೋಡದೆ ತುಂಬಿಸಿದ್ದಾ?" ಅಂದರು. ಹೊಸ ಫ್ಲೇರ್ ಮಾಡಿ, ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್ ಓಡಿಸಿ, ಯೂನಿಟ್ ಮೇಲಿನ ಪ್ಲೇಟ್‌ನಲ್ಲಿ ಬರೆದಷ್ಟೇ ಆರ್32 ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿದರು. 3,000. ಒಟ್ಟು 5,600.

ಕೆಟ್ಟಾಗ ದುಡ್ಡು ಕೊಡುವ ಪದ್ಧತಿಯ ಹುಳುಕು ಇಲ್ಲೇ ಇರುವುದು. ಅರ್ಧಂಬರ್ಧ ಕೆಲಸ ಮಾಡಿದವನಿಗೆ ಇನ್ನೊಂದು ವಿಸಿಟ್ ಸಿಗುತ್ತದೆ. ಎಎಂಸಿಯಲ್ಲಿ ಇದು ತಿರುಗಾಮುರುಗ, ಮತ್ತೆ ಬಂದರೆ ಅವರಿಗೇ ನಷ್ಟ, ಹಾಗಾಗಿ ಬರುವುದನ್ನೇ ಮುಂದೂಡುತ್ತಾರೆ. ಈಗ ನಾನು ಯಾರನ್ನು ಕರೆದರೂ ಮೊದಲೇ ಕೇಳುವುದು ಒಂದೇ: ಲೀಕ್ ತೋರಿಸಿ, ಆಮೇಲೆ ಗ್ಯಾಸ್.

ಮೂರನೇ ವರ್ಷ ಔಟ್‌ಡೋರ್ ಯೂನಿಟ್‌ನ ಸರ್ಕ್ಯೂಟ್ ಬೋರ್ಡ್ ಹೋಯಿತು. ಮುಚ್ಚಳ ತೆಗೆದರೆ ಪಿಸಿಬಿ ಮೇಲೆ ಒಂದು ಹಲ್ಲಿ, ಎರಡು ಕಾಲು ಎರಡು ಕಡೆ ಚಾಚಿ ಕರಕಲಾಗಿತ್ತು. ಹೊಸ ಬೋರ್ಡ್ 7,800 ಅಂದರು. ಮಂಗಳೂರಿನಲ್ಲಿ ಬೋರ್ಡ್ ರಿಪೇರಿ ಮಾಡುವವರ ಹತ್ತಿರ ಕೊಟ್ಟೆ, 2,800ಕ್ಕೆ ಆಯಿತು, ಮೂರು ತಿಂಗಳ ಗ್ಯಾರಂಟಿ. ಎಎಂಸಿ ಇದ್ದಿದ್ದರೆ ಹಲ್ಲಿ ಕೀಟದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಒಂದು ವಾರ ವಾದ ಮಾಡಬೇಕಾಗುತ್ತಿತ್ತು.

ಡಬ್ಬಿ ಸುರಿದು ಕೂಡಿಸಿದೆ. ಮೂರು ವರ್ಷದ ರಿಪೇರಿ 8,850. ಮೂರು ವರ್ಷದ ಪ್ರೀಮಿಯಂ ಕಟ್ಟಿದ್ದರೆ 14,208. ಆದರೆ ಒಂದು ಮಾತು: ಹೊಸ ಬೋರ್ಡ್ ಹಾಕಿಸಿದ್ದರೆ 13,850 ಆಗುತ್ತಿತ್ತು, ಹೆಚ್ಚುಕಡಿಮೆ ಸರಿಸಮ. ಬೋರ್ಡ್ ರಿಪೇರಿ ಮಾಡುವವರು, ನಂಬುವ ಮೆಕ್ಯಾನಿಕ್ ಇಬ್ಬರೂ ಹತ್ತಿರದಲ್ಲಿ ಇಲ್ಲದವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ.

ನನ್ನ ಅಕ್ಕನ ಹಲ್ಲಿನ ಕ್ಲಿನಿಕ್ ಉಡುಪಿಯಲ್ಲಿದೆ, ಅವಳು ಕಾಂಪ್ರಹೆನ್ಸಿವ್ ಎಎಂಸಿಯೇ ಮಾಡಿಸಿದ್ದಾಳೆ. ಮುಚ್ಚಿದ ಕೋಣೆ, ದಿನವಿಡೀ ಎಸಿ ಓಡಬೇಕು, ಒಂದು ದಿನ ನಿಂತರೆ ಅವಳ ಅಪಾಯಿಂಟ್‌ಮೆಂಟ್ ಎಲ್ಲ ಕ್ಯಾನ್ಸಲ್. 24 ಗಂಟೆಯೊಳಗೆ ಬರಬೇಕು, ಕಂಪ್ಲೇಂಟ್‌ಗೆ ಬಂದದ್ದನ್ನು ಸರ್ವಿಸ್ ಲೆಕ್ಕಕ್ಕೆ ಹಿಡಿಯುವಂತಿಲ್ಲ ಅಂತ ಎರಡು ಸಾಲು ಪೆನ್ನಿನಲ್ಲಿ ಬರೆಸಿ ಸೀಲ್ ಹಾಕಿಸಿಕೊಂಡಿದ್ದಾಳೆ. ನನ್ನ ಏಪ್ರಿಲ್ ಕಂಪ್ಲೇಂಟ್‌ನ ಕಥೆ ಕೇಳಿದ ಮೇಲೆ.

ನಮ್ಮ ಔಟ್‌ಡೋರ್ ಯೂನಿಟ್‌ನ ಹಿಂಬದಿ ಈಗ ಬೆರಳಿನಿಂದ ಮುಟ್ಟಿದರೆ ಅಲ್ಯೂಮಿನಿಯಂ ಹಪ್ಪಳದ ಹಾಗೆ ಪುಡಿಯಾಗುತ್ತದೆ. ತಿಂಗಳಿಗೊಮ್ಮೆ ಮೇನ್ ಸ್ವಿಚ್ ಆಫ್ ಮಾಡಿ ಸಿಹಿನೀರು ಹೊಯ್ಯುತ್ತೇನೆ. ಹೊಸ ಕಾಯಿಲ್‌ಗೆ 11,000 ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಉಳಿದ ಐದು ಸಾವಿರ ಚಿಲ್ಲರೆಯನ್ನು ಅದಕ್ಕೇ ಎತ್ತಿಟ್ಟಿದ್ದೇನೆ.