ನವೆಂಬರ್ 20ಕ್ಕಿಂತ ಹಿಂದಿನ 38 ಲಕ್ಷ

ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಬೋರ್‌ವೆಲ್ ಮೋಟರಿಗೆ ಹಾಕುವ ಸ್ಟಾರ್ಟರ್, ಕಂಟ್ರೋಲರ್ ಮಾಡುವವರು ನಾವು. ಒಂದು ವರ್ಷ ಹೊಸ ಕಂಟ್ರೋಲರಿಗೆ 62 ಲಕ್ಷ ಖರ್ಚಾಗಿತ್ತು, ಹೆಚ್ಚೂಕಡಿಮೆ ಎಲ್ಲವೂ ಎಂಜಿನಿಯರುಗಳ ಸಂಬಳ. ಮಾರ್ಚ್ ಕೊನೆಗೆ ನಮ್ಮ ಎಂಡಿ ಕರೆದು, "ಇದನ್ನೆಲ್ಲ ಆಸ್ತಿ ಅಂತ ತೋರಿಸಿಬಿಡಿ, ಸಾಲ ಕೊಟ್ಟ ಬ್ಯಾಂಕಿನವರು ಲಾಭ ನೋಡ್ತಾರೆ" ಅಂದರು. ಕೊನೆಗೆ ಆಸ್ತಿ ಆಗಿದ್ದು 18 ಲಕ್ಷ ಮಾತ್ರ.

ನಮ್ಮದು ಸಣ್ಣ ಕಂಪನಿ, ಹಾಗಾಗಿ ಎಎಸ್ 26 ಅನ್ನುವ ಅಕೌಂಟಿಂಗ್ ನಿಯಮ ಅನ್ವಯಿಸುತ್ತದೆ. ದೊಡ್ಡವರು ಇಂಡ್ ಎಎಸ್ 38 ನೋಡುತ್ತಾರೆ, ಆದರೆ ಈ ವಿಷಯದಲ್ಲಿ ಎರಡೂ ಹೇಳುವುದು ಒಂದೇ: ಸಂಶೋಧನೆಯ ಖರ್ಚು ನೇರ ಪಿ ಅಂಡ್ ಎಲ್‌ಗೆ, ಅಂದರೆ ಆ ವರ್ಷದ ಲಾಭದಿಂದಲೇ ಕಳೆಯಬೇಕು. ಡೆವಲಪ್‌ಮೆಂಟ್ ಖರ್ಚನ್ನು ಕ್ಯಾಪಿಟಲೈಸ್ ಮಾಡಬೇಕಾದರೆ, ಅಂದರೆ ಆಸ್ತಿ ಅಂತ ತೋರಿಸಬೇಕಾದರೆ, ಆರು ಷರತ್ತು ಪೂರೈಸಬೇಕು. ಅದನ್ನು ಮಾಡಿ ಮುಗಿಸುವುದು ತಾಂತ್ರಿಕವಾಗಿ ಸಾಧ್ಯವಾ, ಮುಗಿಸುವ ಉದ್ದೇಶ ಇದೆಯಾ, ಬಳಸೋಕೆ ಅಥವಾ ಮಾರೋಕೆ ಆಗುತ್ತಾ, ಅದರಿಂದ ದುಡ್ಡು ಹೇಗೆ ಬರುತ್ತೆ, ಮುಗಿಸುವಷ್ಟು ಹಣ-ಜನ ಇದ್ದಾರಾ, ಖರ್ಚನ್ನು ಸರಿಯಾಗಿ ಅಳೆಯೋಕೆ ಆಗುತ್ತಾ. ಆರಕ್ಕೆ ಆರೂ ಹೌದು ಅನ್ನುವ ದಿನದಿಂದ ಮಾತ್ರ ಲೆಕ್ಕ ಶುರು. ಐದು ಆಗಿದ್ದರೆ ಸಾಲದು.

ಹಾಗಾಗಿ ನನ್ನ ಕೆಲಸ ಒಂದು ತಾರೀಖು ಹುಡುಕುವುದು ಅಷ್ಟೇ ಆಯಿತು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಹುಡುಗರು ಮಾಡುತ್ತಿದ್ದದ್ದು ಹುಡುಕಾಟ. ಬಾವಿಯಲ್ಲಿ ನೀರು ಇಳಿದು ಮೋಟರ್ ಒಣಗಿ ಓಡಿದರೆ ಅದು ಎಳೆಯುವ ಕರೆಂಟ್ ಕಡಿಮೆಯಾಗುತ್ತೆ. ಸೆನ್ಸರ್ ಇಳಿಸದೆ ಅದನ್ನೇ ನೋಡಿ ಮೋಟರ್ ನಿಲ್ಲಿಸಬೇಕು ಅಂತ ಅವರ ಆಸೆ. ಆದರೆ ಹಳ್ಳಿಯಲ್ಲಿ ವೋಲ್ಟೇಜ್ ಏರಿಳಿದರೂ ಕರೆಂಟ್ ಕುಣಿಯುತ್ತಲ್ಲ, ಬಾವಿಯಲ್ಲಿ ನೀರಿದ್ದಾಗಲೂ ಕಂಟ್ರೋಲರ್ ಮೋಟರ್ ಆಫ್ ಮಾಡಿಬಿಡುತ್ತಿತ್ತು. ಮೂರು ದಾರಿ ಪ್ರಯತ್ನಿಸಿ ಎರಡನ್ನು ಬಿಟ್ಟರು. ಇದು ಅಪ್ಪಟ ಸಂಶೋಧನೆ, ಇಲ್ಲಿ ವಾದವೇ ಇಲ್ಲ.

ಸೆಪ್ಟೆಂಬರ್ ಮಧ್ಯದಲ್ಲಿ ತುಮಕೂರು ಕಡೆ ಮೂರು ಬೋರ್‌ವೆಲ್‌ಗಳಲ್ಲಿ ಮಾದರಿ ಯಂತ್ರ ಸರಿಯಾಗಿ ಓಡಿತು. ಎಂಡಿಯವರ ಪ್ರಕಾರ ಲೆಕ್ಕ ಅಲ್ಲಿಂದ ಶುರುವಾಗಬೇಕು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಸೆಪ್ಟೆಂಬರಿನಲ್ಲಿ ಮುಂದಿನ ಕೆಲಸಕ್ಕೆ ದುಡ್ಡೇ ಇರಲಿಲ್ಲ, ಬೇರೆ ಆರ್ಡರ್ ಬಂದರೆ ಇದನ್ನು ಪಕ್ಕಕ್ಕಿಡೋಣ ಅಂತ ಅವರೇ ಬರೆದ ಇಮೇಲ್ ನನ್ನ ಹತ್ತಿರ ಇತ್ತು. ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ಬಂದು, ಬೋರ್ಡ್ ಬಜೆಟ್ ಒಪ್ಪಿದ್ದು ನವೆಂಬರ್ 20ರಂದು. ಕೊನೆಯ ಷರತ್ತು ಪೂರ್ತಿಯಾಗಿದ್ದು ಅವತ್ತೇ. ಅದಕ್ಕೆ ಹಿಂದಿನ 38 ಲಕ್ಷ ಖರ್ಚಿಗೇ ಹೋಯಿತು.

ಉಳಿದ 24 ಲಕ್ಷವೂ ಹಾಗೇ ದಕ್ಕಲಿಲ್ಲ. ಆಫೀಸ್ ಬಾಡಿಗೆ, ಆಡಳಿತದ ಪಾಲು ಅಂತ ನಾನೇ ಸೇರಿಸಿದ್ದ 3 ಲಕ್ಷ ತೆಗೆದೆ. ಡೀಲರ್‌ಗಳ ಟೆಕ್ನಿಶಿಯನ್‌ಗಳಿಗೆ ತರಬೇತಿ ಕೊಟ್ಟ 1 ಲಕ್ಷವೂ ಹೊರಗೆ. ಆಮೇಲೆ ಟೈಮ್‌ಶೀಟ್ ಕಾಟ. ಇಬ್ಬರು ಎಂಜಿನಿಯರುಗಳು ಇಡೀ ತಿಂಗಳಿಗೆ "ಕಂಟ್ರೋಲರ್ ಕೆಲಸ" ಅಂತ ಒಂದೇ ಸಾಲು ಬರೆದಿದ್ದರು. ಆಡಿಟರ್ ಅದನ್ನು ನೋಡಿ, "ಯಾವ ಕಂಟ್ರೋಲರ್?" ಅಂದರು. ಹೋಗಿ ಕೇಳಿದರೆ ವಾರದಲ್ಲಿ ಒಂದು ದಿನ ಹಳೇ ಮಾಡೆಲ್‌ನ ದೂರು ರಿಪೇರಿ ಮಾಡ್ತಿದ್ದರಂತೆ! ಸರ್ವಿಸ್ ರಿಜಿಸ್ಟರ್ ಜೊತೆ ತಾಳೆ ಹಾಕಿ ಇನ್ನೂ 2 ಲಕ್ಷ ಕಳೆದೆ. ಆ ರಿಜಿಸ್ಟರ್ ಇಲ್ಲದಿದ್ದರೆ ಅವರಿಬ್ಬರ ಪೂರ್ತಿ ಸಂಬಳವೇ ಖರ್ಚಿಗೆ ಹೋಗುತ್ತಿತ್ತು, ಯಾಕೆಂದರೆ ಅಳೆಯೋಕೆ ಆಗದ್ದನ್ನು ಆಸ್ತಿಗೆ ಸೇರಿಸುವ ಹಾಗಿಲ್ಲ. ಈಗ ಪ್ರಾಜೆಕ್ಟಿಗೊಂದು ಕೋಡ್ ಕೊಟ್ಟು, ದಿನದ ಗಂಟೆ ಶುಕ್ರವಾರವೇ ಬರೆಸಿಕೊಳ್ಳುತ್ತೇನೆ. ಬೈಯ್ತಾರೆ, ಬೈಯ್ಲಿ.

ಆ 18 ಲಕ್ಷವನ್ನು ಮಾರ್ಚ್ 31ಕ್ಕೆ "ಅಭಿವೃದ್ಧಿ ಹಂತದಲ್ಲಿರುವ ಅಮೂರ್ತ ಆಸ್ತಿ" ಅಂತ ಬೇರೆ ಸಾಲಿನಲ್ಲಿ ತೋರಿಸಿದೆವು. ಅಲ್ಲಿ ಇರುವಷ್ಟು ಕಾಲ ಸವಕಳಿ ಇಲ್ಲ, ಆದರೆ ಅಷ್ಟು ಬೆಲೆ ನಿಜವಾಗಿ ವಾಪಸ್ ಬರುತ್ತಾ ಅಂತ ಪ್ರತಿ ವರ್ಷ ಪರೀಕ್ಷೆ ಮಾಡಬೇಕು. ಜೊತೆಗೆ ಕಂಪನಿ ಕಾಯ್ದೆಯ ಶೆಡ್ಯೂಲ್ 3ರ ಪ್ರಕಾರ ಎಷ್ಟು ವರ್ಷದಿಂದ ಕೂತಿದೆ ಅನ್ನುವ ಪಟ್ಟಿಯೂ ಕೊಡಬೇಕು. ಮುಂದಿನ ವರ್ಷ ಇನ್ನೂ 12 ಲಕ್ಷ ಸೇರಿ 30 ಆಯಿತು. ಜುಲೈ ಕೊನೆಗೆ ಕಂಟ್ರೋಲರ್ ಮಾರಾಟಕ್ಕೆ ಸಿದ್ಧ. ಈ ಮಾಡೆಲ್ ಐದು ವರ್ಷ ಓಡುತ್ತೆ ಅಂತ ಅಂದಾಜು ಮಾಡಿ, ಆಗಸ್ಟ್‌ನಿಂದ ಎಂಟು ತಿಂಗಳಿಗೆ 4 ಲಕ್ಷ ಸವಕಳಿ ಬರೆದು ಹಾಕಿದೆವು.

ಮೊದಲ ಆರ್ಡರ್ ಬಂದಾಗ ಎಂಡಿ ಮತ್ತೆ ಕೇಳಿದರು, "ಈಗ ಗೆದ್ದಾಯ್ತಲ್ಲ, ಆ 38 ಲಕ್ಷ ವಾಪಸ್ ತರಬಹುದಲ್ವಾ?" ಒಮ್ಮೆ ಖರ್ಚು ಅಂತ ಬರೆದದ್ದನ್ನು ಆಮೇಲೆ ಆಸ್ತಿಯ ಬೆಲೆಗೆ ಸೇರಿಸೋಕೆ ಬರುವುದಿಲ್ಲ ಅಂದೆ. "ಹಾಗಾದ್ರೆ ಮುಂದಿನ ಸಲ ಬೋರ್ಡ್ ಮೀಟಿಂಗ್ ಬೇಗ ಇಡೋಣ ಬಿಡಿ" ಅಂತ ಹೇಳಿ ಫೋನ್ ಇಟ್ಟರು.